ನಮ್ಮ ಅವ್ವನ ನುಡಿನಮನ ಮತ್ತು ಪ್ರಾರ್ಥನಾ ಸಭೆಗೆ ಆಹ್ವಾನ

॥ ಓಂ ಶ್ರೀ ಗುರುಬಸವಲಿಂಗಾಯ ನಮಃ ॥

ಪೂಜ್ಯ ಹಿರಿಯರಿಗೆ, ಬೀಗರಿಗೆ, ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ ಶರಣು ಶರಣಾರ್ಥಿಗಳು.

ನಮ್ಮ ತಾಯಿ ಶರಣೆ ಗಂಗಮ್ಮನವರು 2026ರ ಫೆಬ್ರವರಿ 11, ಬುಧವಾರ ಬೆಳಗಿನ ಜಾವ ಮೋಟೆಬೆನ್ನೂರಿನ ಮನೆಯಲ್ಲಿ ಲಿಂಗೈಕ್ಯರಾದರು. ಅವರಿಗೆ 86 ವರ್ಷ ವಯಸ್ಸಾಗಿತ್ತು. ಮರುದಿನ ನಮ್ಮ ಹೊಲದಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲೇ ಅಂತ್ಯಕ್ರಿಯೆ ಮುಗಿಸಿದೆವು.

ಅವಸರದಲ್ಲಿ ಎಲ್ಲರಿಗೂ ಫೋನ್ ಮಾಡಲು ಆಗಲಿಲ್ಲ. ಕೆಲವರಿಗೆ ಸುದ್ದಿ ತಡವಾಗಿ ಮುಟ್ಟಿತು, ಕೆಲವರಿಗೆ ಬೇರೆಯವರ ಬಾಯಿಂದ ತಿಳಿಯಿತು. ಇದು ನಮ್ಮದೇ ತಪ್ಪು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ, ದಯವಿಟ್ಟು ಕ್ಷಮಿಸಿ. ಅವ್ವನ ಮುಖ ನೋಡಲು ಆಗಲಿಲ್ಲ ಎಂದು ನೊಂದವರು ಬಹಳ ಜನ ಇದ್ದೀರಿ. ಅದಕ್ಕಾಗಿಯೇ ಎಲ್ಲರೂ ಒಂದು ಕಡೆ ಕೂತು ಅವಳನ್ನು ನೆನೆಯೋಣ ಎಂದು ಈ ಸಭೆ ಇಟ್ಟುಕೊಂಡಿದ್ದೇವೆ.

ದಿನ: 22 ಫೆಬ್ರವರಿ 2026, ಭಾನುವಾರ
ಸಮಯ: ಬೆಳಿಗ್ಗೆ 10.30ಕ್ಕೆ ಪ್ರಾರ್ಥನೆ ಶುರು
ಸ್ಥಳ: ಮೋಟೆಬೆನ್ನೂರು, ನಮ್ಮ ಮನೆಯ ಮುಂದಿನ ಕಣ (ಬ್ಯಾಡಗಿ ತಾಲ್ಲೂಕು, ಹಾವೇರಿ ಜಿಲ್ಲೆ)

9 ಗಂಟೆಯಿಂದಲೇ ಚಹಾ, ಉಪ್ಪಿಟ್ಟು ಇರುತ್ತದೆ. ಮೊದಲು ಇಷ್ಟಲಿಂಗ ಪೂಜೆ, ವಚನ ಗಾಯನ. ಓಣಿಯ ಅಕ್ಕಂದಿರು ಹಾಡುತ್ತಾರೆ. ಸೋಮವಾರಕ್ಕೊಮ್ಮೆ ನಮ್ಮ ಪಡಸಾಲೆಯಲ್ಲಿ ಅವ್ವನ ಜೊತೆ ಕೂತು ಹಾಡುತ್ತಿದ್ದವರು ಅವರೇ. ಆಮೇಲೆ ನುಡಿನಮನ. 12.30ಕ್ಕೆ ಪುಷ್ಪನಮನ, ನಂತರ ಪ್ರಸಾದ.

ನುಡಿನಮನಕ್ಕೆ ಭಾಷಣ ಬೇಡ. ಅವ್ವನ ಬಗ್ಗೆ ನಿಮಗೆ ಗೊತ್ತಿರುವ ಒಂದು ಮಾತು, ಒಂದು ನೆನಪು ಹೇಳಿ, ಸಾಕು. ಅವಳು ಈ ಊರಿಗೆ ಸೊಸೆಯಾಗಿ ಬಂದದ್ದು 17ನೇ ವಯಸ್ಸಿನಲ್ಲಿ. ಮೈಲಾರ ಮಹಾದೇವಪ್ಪನವರು ಹುಟ್ಟಿದ ಊರು ಇದು. 1943ರಲ್ಲಿ ಅವರು ಹುತಾತ್ಮರಾದಾಗ ಅವ್ವ ಮೂರು ವರ್ಷದ ಕೂಸು. ಆದರೂ ಅತ್ತೆಯ ಬಾಯಿಂದ ಕೇಳಿದ್ದನ್ನು ತಾನೇ ಕಣ್ಣಾರೆ ಕಂಡ ಹಾಗೆ ನಮಗೆ ಹೇಳುತ್ತಿದ್ದಳು. ಅವಳು ಹೀಗೆ ಹೇಳಿದ ಕಥೆಗಳು ಒಬ್ಬೊಬ್ಬರ ಹತ್ತಿರ ಒಂದೊಂದು ಉಳಿದಿವೆ. ನಮಗೆ ಗೊತ್ತಿಲ್ಲದ್ದು ನಿಮಗೆ ಗೊತ್ತಿರುತ್ತದೆ, ಅಲ್ವಾ? ಮಾತಾಡಲು ಸಂಕೋಚ ಇದ್ದವರು ಚೀಟಿಯಲ್ಲಿ ಬರೆದುಕೊಡಿ, ಮೊಮ್ಮಕ್ಕಳು ಓದುತ್ತಾರೆ.

ಇನ್ನೊಂದು ಕೋರಿಕೆ. ಫೋಟೋ ಎಂದರೆ ಅವ್ವ ಸೆರಗು ಎಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ನಮ್ಮ ಹತ್ತಿರ ಅವಳ ಫೋಟೋ ನಾಲ್ಕೈದು ಮಾತ್ರ ಇವೆ. ನಿಮ್ಮ ಮನೆಯ ಮದುವೆ, ತೊಟ್ಟಿಲ ಕಾರ್ಯದ ಆಲ್ಬಮ್ಮಿನಲ್ಲಿ ಎಲ್ಲಾದರೂ ಒಂದು ಮೂಲೆಯಲ್ಲಿ ಅವಳು ಇದ್ದರೆ ತನ್ನಿ. ಅಲ್ಲೇ ಪ್ರತಿ ತೆಗೆದುಕೊಂಡು ವಾಪಸ್ ಕೊಡುತ್ತೇವೆ.

ಬಟ್ಟೆ, ಆಯೇರಿ, ದುಡ್ಡು ಯಾವುದೂ ತರಬೇಡಿ. ಹೂವನ್ನೂ ನಾವೇ ತರಿಸಿರುತ್ತೇವೆ.

ಬಸ್ಸಿನಲ್ಲಿ ಬರುವವರು ಹಾವೇರಿ ಅಥವಾ ರಾಣೇಬೆನ್ನೂರಿನಿಂದ ಬರಬಹುದು. ಎಲ್ಲ ಬಸ್ಸುಗಳೂ ಊರಲ್ಲಿ ನಿಲ್ಲುವುದಿಲ್ಲ, ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಬಸ್ ಸ್ಟ್ಯಾಂಡಿನಲ್ಲಿ 8.30ರಿಂದ ನಮ್ಮ ತಮ್ಮ ಕಾರಿನೊಂದಿಗೆ ಇರುತ್ತಾನೆ. ವಯಸ್ಸಾದವರು ನಡೆಯುವುದು ಬೇಡ. ರೈಲಿಗೆ ಬರುವವರು ಮೊದಲೇ ತಿಳಿಸಿದರೆ ಸ್ಟೇಷನ್ನಿಗೆ ಬರುತ್ತೇವೆ. ಸೋಮವಾರ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ. ಸೀಸನ್ ಆದ್ದರಿಂದ ಭಾನುವಾರ ಮಧ್ಯಾಹ್ನದಿಂದಲೇ ಲಾರಿಗಳ ಓಡಾಟ ಜಾಸ್ತಿ ಇರುತ್ತದೆ. ಕಾರಿನಲ್ಲಿ ದೂರ ಹೋಗುವವರು ಪ್ರಸಾದ ಮುಗಿಸಿ ಬೇಗ ಹೊರಡಿ.

ಶನಿವಾರ ರಾತ್ರಿಯೇ ಬರುವವರಿಗೆ ನಮ್ಮಲ್ಲೂ ಪಕ್ಕದ ಮನೆಯಲ್ಲೂ ಮಲಗಲು ವ್ಯವಸ್ಥೆ ಇದೆ. ಕೆಳಗೆ ಕೂರಲು ಆಗದವರಿಗೆ ಕುರ್ಚಿ ಹಾಕಿಸಿರುತ್ತೇವೆ. ಪ್ರಸಾದಕ್ಕೆ ಗೋಧಿ ಹುಗ್ಗಿ, ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ-ಸಾರು. ಸಕ್ಕರೆ ಕಾಯಿಲೆ ಇರುವವರಿಗೆ ಸಿಹಿ ಇಲ್ಲದ ನುಚ್ಚು ಬೇರೆ ಮಾಡಿಸಿದ್ದೇವೆ.

ಬರಲು ಆಗದವರಿಗೆ ಫೋನಿನಲ್ಲಿ ವಿಡಿಯೋ ತೋರಿಸುತ್ತೇವೆ. ಲಿಂಕನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಶನಿವಾರ ಸಂಜೆಯೇ ಹಾಕುತ್ತೇವೆ. ಕ್ಯಾಲಿಫೋರ್ನಿಯಾದ ಮಕ್ಕಳಿಗೆ ಪ್ರಾರ್ಥನೆ ಶುರುವಾಗುವುದು ಶನಿವಾರ ರಾತ್ರಿ 9 ಗಂಟೆಗೆ, ಮರೆಯಬೇಡಿ.

ಎಷ್ಟು ಜನ ಬರುತ್ತೀರಿ ಎಂದು 19ನೇ ತಾರೀಖು ಗುರುವಾರದ ಒಳಗೆ ಇದೇ ನಂಬರಿಗೆ ಫೋನ್ ಮಾಡಿ ಅಥವಾ ಮೆಸೇಜ್ ಹಾಕಿ. ಅಡುಗೆಯವರಿಗೆ ಲೆಕ್ಕ ಕೊಡಬೇಕು. ಹೇಳಲು ಮರೆತರೂ ಪರವಾಗಿಲ್ಲ, ಬರುವುದನ್ನು ಮಾತ್ರ ನಿಲ್ಲಿಸಬೇಡಿ.

ಒಬ್ಬೊಬ್ಬರ ಮನೆಗೂ ಬಂದು ಕರೆಯಬೇಕಿತ್ತು. ಇದನ್ನೇ ಖುದ್ದು ಬಂದು ಕರೆದ ಹಾಗೆ ತಿಳಿದು ಎಲ್ಲರೂ ಬನ್ನಿ.

ಪ್ರತಿ ವರ್ಷ ಅವ್ವ ನಿಮ್ಮೆಲ್ಲರ ಮನೆಗೆ ಖಾರದ ಪುಡಿ ಕಳಿಸುತ್ತಿದ್ದಳು. ಈ ವರ್ಷದ ಮೆಣಸಿನಕಾಯಿಯನ್ನೂ ಜನವರಿಯಲ್ಲಿ ಕಣದಲ್ಲಿ ಕೂತು ತಾನೇ ಆರಿಸಿ, ತೊಟ್ಟು ತೆಗೆದು ಇಟ್ಟಿದ್ದಾಳೆ. ಅದನ್ನು ಕುಟ್ಟಿಸಿ, ಮನೆಗೊಂದು ಪೊಟ್ಟಣ ಕಟ್ಟಿದ್ದೇವೆ. ಹೋಗುವಾಗ ತಪ್ಪದೆ ತೆಗೆದುಕೊಂಡು ಹೋಗಿ.

ನಿಮ್ಮ ದಾರಿ ಕಾಯುತ್ತಿರುವ,
ಹಿರಿಯ ಮಗ ಬಸವರಾಜ,
ತಮ್ಮ, ತಂಗಿಯರು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು ಮತ್ತು ಮರಿಮಕ್ಕಳು
ಮೋಟೆಬೆನ್ನೂರು