ಒಸಾಕಾ ಹೋಟೆಲ್, ರೂಮ್ 714: ಕಾರ್ಡು, ಬಾಗಿಲ ಹಿಂದಿನ ನೋಟೀಸು ಕನ್ನಡದಲ್ಲಿ

ಚಿಕ್ಕಪ್ಪ, ನೀವು ಕಳಿಸಿದ ರೂಮ್ ಕಾರ್ಡು, ನೋಟೀಸು ಎರಡರ ಫೋಟೊನೂ ಓದಿದೆ. ಇಲ್ಲಿ ಮೈಸೂರಲ್ಲಿ ರಾತ್ರಿ 8, ನಿಮಗೆ ಆಗಲೇ 11.30. ಮಲಗೋ ಮುಂಚೆ ಇದನ್ನ ಚಿಕ್ಕಮ್ಮನಿಗೂ ಮಕ್ಕಳಿಗೂ ಓದಿ ಹೇಳಿಬಿಡಿ.

ಮೊದಲು ಬೆಂಕಿ ನೋಟೀಸು. ನಕ್ಷೆಯಲ್ಲಿ ಕೆಂಪು ಬಣ್ಣ ಬಳಿದಿರೋದು ನಿಮ್ಮ ರೂಮು. ಹತ್ತಿರದ ಮೆಟ್ಟಿಲು: ಹೊರಗೆ ಬಂದು ಎಡಕ್ಕೆ, ನಾಲ್ಕು ಬಾಗಿಲು ದಾಟಿದ ಮೇಲೆ. ಎರಡನೇದು ಬಲಕ್ಕೆ, ಲಿಫ್ಟ್ ದಾಟಿ ಕೊನೆಯಲ್ಲಿ. ಈಗಲೇ ಒಂದ್ಸಲ ನಡೆದು ಬಾಗಿಲು ಎಣಿಸಿ. ಹೊಗೆ ತುಂಬಿದರೆ ಓಡುವ ಮನುಷ್ಯನ ಹಸಿರು ದೀಪವೂ ಕಾಣಲ್ಲ, ಬಗ್ಗಿ ಗೋಡೆ ಸವರಿಕೊಂಡೇ ಹೋಗಬೇಕು. ಅಲ್ಲಿ ನೆಲಮಹಡಿಗೇ 1 ಅಂತಾರೆ. 1 ಅಂತ ಬರೆದ ಕಡೆ ಹೊರಗೆ ಬನ್ನಿ, ಇನ್ನೂ ಕೆಳಗೆ ಇಳೀಬೇಡಿ.

ನೋಟೀಸಿನ ಮಾತು ಹೀಗಿದೆ: "ಬೆಂಕಿ ಕಂಡರೆ ಕೂಗಿ ಅಕ್ಕಪಕ್ಕದವರಿಗೆ ತಿಳಿಸಿ. ರೂಮ್ ಫೋನಿನಲ್ಲಿ 9 ಒತ್ತಿ ರಿಸೆಪ್ಶನ್‌ಗೆ ಹೇಳಿ. ಲಿಫ್ಟ್ ಬಳಸಬೇಡಿ. ಮೂಗು ಬಾಯಿಗೆ ಒದ್ದೆ ಟವೆಲ್ ಹಿಡಿದು, ತಗ್ಗಿ ನಡೆಯಿರಿ. ಒಮ್ಮೆ ಹೊರಬಂದ ಮೇಲೆ ಒಳಗೆ ಹೋಗಬೇಡಿ." ನಿಮ್ಮ ಮೊಬೈಲಿಂದಾದರೆ ಬೆಂಕಿಗೂ ಆಂಬುಲೆನ್ಸಿಗೂ 119, ಪೊಲೀಸಿಗೆ 110.

ಕಾರಿಡಾರಲ್ಲಿ ದಪ್ಪ ಕಬ್ಬಿಣದ ಬಾಗಿಲು ತಾನಾಗೇ ಮುಚ್ಚಿಕೊಂಡರೆ ಗಾಬರಿ ಬೇಡ. ಅದು ಹೊಗೆ ತಡೆಯೋಕೆ ಇರೋದು, ಬೀಗ ಇರಲ್ಲ. ತಳ್ಳಿದರೆ ತೆರೆಯುತ್ತೆ, ದೊಡ್ಡದಾಗಿದ್ದರೆ ಅದರೊಳಗೇ ಚಿಕ್ಕ ಬಾಗಿಲು ಇರುತ್ತೆ. ಕಿಟಕಿ ಮೇಲಿನ ಕೆಂಪು ತ್ರಿಕೋನ ಅಗ್ನಿಶಾಮಕದವರು ಹೊರಗಿಂದ ನುಗ್ಗೋ ಜಾಗದ ಗುರುತು. ಅದರ ಮುಂದೆ ಸೂಟ್‌ಕೇಸ್ ಪೇರಿಸಬೇಡಿ.

ಹೊರಡುವಾಗ ರೂಮಿನ ಬಾಗಿಲನ್ನ ಮೊದಲು ಅಂಗೈ ಹಿಂಬದಿಯಿಂದ ಮುಟ್ಟಿ. ಬಿಸಿಯಿದ್ದರೆ ತೆರೆಯಬೇಡಿ. ಸಂದಿಗೆ ಒದ್ದೆ ಟವೆಲ್ ತುರುಕಿ, 9ಕ್ಕೆ ಫೋನ್ ಮಾಡಿ, ಕಿಟಕಿ ಹತ್ತಿರ ನಿಂತು ಕೈ ಬೀಸಿ. ಹಾಸಿಗೆ ಪಕ್ಕ ಗೋಡೆಗೆ ಸಿಕ್ಕಿಸಿರೋ ಟಾರ್ಚ್ ಎಳೆದು ತೆಗೆದ ಕೂಡಲೇ ಹತ್ತಿಕೊಳ್ಳುತ್ತೆ. ಆಟಕ್ಕೆ ಅಂತ ಮಕ್ಕಳು ಎಳೀದೇ ಇರಲಿ.

ಭೂಕಂಪಕ್ಕೆ ಬೇರೆ ಸೂಚನೆ. ಅಲುಗಾಟ ನಿಲ್ಲೋವರೆಗೆ ಓಡಬೇಡಿ, ಕಿಟಕಿಯಿಂದ ದೂರ ಸರಿದು ದಿಂಬಿನಿಂದ ತಲೆ ಮುಚ್ಚಿಕೊಳ್ಳಿ. ನಿಂತ ಕೂಡಲೇ ಬಾಗಿಲು ತೆರೆದಿಡಿ. ಚೌಕಟ್ಟು ಸೊಟ್ಟಗಾದರೆ ಆಮೇಲೆ ಅಲುಗಲ್ಲ.

ಇನ್ನು ಕಾರ್ಡು. ಬಾಗಿಲ ಪಕ್ಕದ ಖಾನೆಗೆ ಹಾಕಿದರೆ ಕರೆಂಟು, ತೆಗೆದರೆ ಹೋಗುತ್ತೆ. ಬಾಗಿಲು ತಾನೇ ಲಾಕ್ ಆಗುತ್ತೆ. ಬೆಂಕಿ ಬಿದ್ದರೂ ಕಾರ್ಡು ಜೇಬಲ್ಲಿರಲಿ, ಎರಡೂ ಮೆಟ್ಟಿಲಲ್ಲಿ ಹೊಗೆಯಿದ್ದರೆ ರೂಮಿಗೇ ವಾಪಸ್ ಬರಬೇಕು. "ಬೆಂಕಿ ಹಚ್ಚುವಂತಿಲ್ಲ, ಅಡುಗೆ ಮಾಡುವಂತಿಲ್ಲ" ಅಂತಲೂ ಇದೆ. ಅಜ್ಜಿ ಬ್ಯಾಗಿನ ಊದುಬತ್ತಿ, ಕರ್ಪೂರ ಅಲ್ಲೇ ಇರಲಿ, ಅಲಾರಂ ಹೊಡೆದರೆ ಇಡೀ ಹೋಟೆಲ್ ಎದ್ದು ಕೂರುತ್ತೆ. ಚೆಕ್‌ಔಟ್ ಬೆಳಗ್ಗೆ 10ಕ್ಕೆ.

ಆರು ಮಹಡಿ ಮೆಟ್ಟಿಲು ಇಳಿಯೋದು ಅಜ್ಜಿ ಮಂಡಿಗೆ ಆಗದ ಮಾತು. ಕೆಳಗಿನ ಮಹಡಿಯಲ್ಲಿ ರೂಮ್ ಇದೆಯಾ ಅಂತ ಈಗಲೇ 9ಕ್ಕೆ ಕೇಳಿ. ಇಲ್ಲ ಅಂದರೆ ನಡೆಯಲಾಗದವರು ಇದ್ದಾರೆ ಅಂತ ಅವರ ಹತ್ತಿರ ಬರೆಸಿಡಿ.

ನೋಟೀಸಿನ ಬಲಗಡೆ ಕೆಳಮೂಲೆ ಫ್ಲ್ಯಾಶ್ ಬಿದ್ದು ಬೆಳ್ಳಗಾಗಿದೆ. ಹೊರಗೆ ಎಲ್ಲಿ ಸೇರಬೇಕು ಅನ್ನೋದು ಅಲ್ಲಿರಬಹುದು. ಫ್ಲ್ಯಾಶ್ ಆಫ್ ಮಾಡಿ, ಸ್ವಲ್ಪ ಓರೆಯಾಗಿ ಇನ್ನೊಂದು ತೆಗೆದು ಕಳಿಸಿ. ಎದ್ದೇ ಇರ್ತೀನಿ.