ಒಂದರ ಮೇಲೊಂದು ಶೇಕಡಾ: ಲಾಭ, ನಷ್ಟ, ರಿಯಾಯಿತಿ

ವಾಣಿಜ್ಯ ಗಣಿತ ಅಭ್ಯಾಸ ಹಾಳೆ, ಪ್ಲಸ್ ವನ್ ಕಾಮರ್ಸ್, ಕನ್ನಡ ಮಾಧ್ಯಮ
ಸಮಯ: ಎರಡು ಪಿರಿಯಡ್. ಒಟ್ಟು ಅಂಕ: 25

ಮಕ್ಕಳೇ, ಕಳೆದ ಕ್ಲಾಸ್ ಟೆಸ್ಟಿನಲ್ಲಿ ಜಾಸ್ತಿ ಜನ ತಪ್ಪಿದ್ದು ಒಂದೇ ಕಡೆ. ಶೇ. 20 ಮತ್ತು ಶೇ. 10 ಎಂದು ಕಂಡ ಕೂಡಲೇ ಎರಡನ್ನೂ ಕೂಡಿಸಿ ಶೇ. 30 ಎಂದು ಬರೆದಿದ್ದಿರಿ. ಆದ್ದರಿಂದ ಈ ಹಾಳೆಯಲ್ಲಿ ಯಾವ ಶೇಕಡಾ ಕಂಡರೂ ಮೊದಲು ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆಯಿರಿ: ಇದು ಯಾವುದರ ಮೇಲೆ? ಕೊಂಡ ಕ್ರಯದ ಮೇಲೋ, ಚೀಟಿಯಲ್ಲಿ ಬರೆದ ಕ್ರಯದ ಮೇಲೋ, ಈಗಾಗಲೇ ಒಮ್ಮೆ ಕಡಿಮೆಯಾದ ಕ್ರಯದ ಮೇಲೋ? ಇದಕ್ಕೆ ಉತ್ತರ ಸಿಕ್ಕಿದರೆ ಉಳಿದದ್ದು ಬರೀ ಗುಣಾಕಾರ.

ನೆನಪಿರಲಿ, ಬೇರೆ ಹೇಳದಿದ್ದರೆ ಲಾಭ, ನಷ್ಟದ ಶೇಕಡಾ ಯಾವಾಗಲೂ ಕೊಂಡ ಕ್ರಯದ ಮೇಲೆ. ಮೊದಲ ರಿಯಾಯಿತಿ ಚೀಟಿಯ ಕ್ರಯದ ಮೇಲೆ, ಅದರ ಮೇಲೆ ಇನ್ನೊಂದು ಬಿಟ್ಟರೆ ಅದು ಉಳಿದ ಮೊತ್ತದ ಮೇಲೆ.

ಮಾದರಿ 1: ಓಣಂ ಸೀರೆ

ಓಣಂ ಹೊತ್ತಿಗೆ ಕೈಮಗ್ಗದ ಬಟ್ಟೆಗೆ ರಿಬೇಟು ಇರುವುದು ನಿಮಗೆಲ್ಲ ಗೊತ್ತು. ಒಂದು ಕಾಸರಗೋಡು ಸೀರೆಯ ಚೀಟಿಯಲ್ಲಿ ₹2,000 ಎಂದಿದೆ. ಶೇ. 20 ರಿಬೇಟು. ಉಳಿದ ಮೊತ್ತದ ಮೇಲೆ ಅಂಗಡಿಯವರು ಇನ್ನೂ ಶೇ. 10 ಬಿಡುತ್ತಾರೆ. ಕೊಡಬೇಕಾದದ್ದು ಎಷ್ಟು?

ಶೇ. 20 ಬಿಟ್ಟರೆ ಉಳಿಯುವುದು 100ರಲ್ಲಿ 80. ಶೇ. 10 ಬಿಟ್ಟರೆ 90.

2000 × 0.80 = 1600
1600 × 0.90 = 1440

ಕೊಡಬೇಕಾದದ್ದು ₹1,440. ಒಟ್ಟು ಬಿಟ್ಟದ್ದು ₹560, ಅಂದರೆ ಶೇ. 28. ಎರಡನೇ ಶೇ. 10 ಬಂದದ್ದು 2,000ದ ಮೇಲಲ್ಲ, 1,600ರ ಮೇಲೆ. ಕೂಡಿಸಿ ಬರುವ 30ಕ್ಕೂ ಈ 28ಕ್ಕೂ ವ್ಯತ್ಯಾಸ ಬಂದದ್ದು ಅಲ್ಲೇ.

ಎರಡು ಬದಲಾವಣೆಗಳಿದ್ದರೆ ಈ ಸೂತ್ರವನ್ನೂ ಬಳಸಬಹುದು:

a + b + (a × b)/100

ಏರಿದರೆ ಕೂಡು ಚಿಹ್ನೆ, ಇಳಿದರೆ ಕಳೆ ಚಿಹ್ನೆ. ಇಲ್ಲಿ −20 − 10 + 2 = −28. ಮೂರು ಬದಲಾವಣೆ ಬಂದರೆ ಸೂತ್ರ ಬಿಡಿ, ಗುಣಿಸುತ್ತಾ ಹೋಗಿ. ನನಗಂತೂ ಎರಡಿದ್ದರೂ ಗುಣಿಸುವುದೇ ಇಷ್ಟ. ಪ್ರತಿ ಹೆಜ್ಜೆಯಲ್ಲೂ ಹಣ ಎಲ್ಲಿದೆ ಎಂದು ಕಾಣುತ್ತದೆ.

ಮಾದರಿ 2: ಏರಿ ಇಳಿದ ಧಾರಣೆ

ಕಿಲೋಗೆ ₹400 ಇದ್ದ ಅಡಿಕೆ ಧಾರಣೆ ಶೇ. 10 ಏರಿತು, ಮತ್ತೆ ಶೇ. 10 ಇಳಿಯಿತು. ಮೊದಲಿನಷ್ಟೇ ಆಯಿತು ಅಲ್ವಾ? ಇಲ್ಲ.

400 × 1.10 = 440
440 × 0.90 = 396

ಏರಿದ್ದು 400ರ ಮೇಲೆ, ಇಳಿದದ್ದು 440ರ ಮೇಲೆ. ಆದ್ದರಿಂದ ಶೇ. 1 ಕಡಿಮೆ. ಮೊದಲು ಇಳಿದು ಆಮೇಲೆ ಏರಿದರೂ 396 ರೂಪಾಯಿಯೇ. ಮಾಡಿ ನೋಡಿ.

ಮಾದರಿ 3: ಅಡಿಕೆ ವ್ಯಾಪಾರಿಯ ಲೆಕ್ಕ

ಇದನ್ನು ನಿಧಾನವಾಗಿ ಓದಿ. ತೋಟ ಇರುವ ಮನೆಯವರಿಗೆ ಇದು ಚಿರಪರಿಚಿತ.

ಬದಿಯಡ್ಕದ ಒಬ್ಬ ವ್ಯಾಪಾರಿ 100 ಕಿಲೋ ಚಾಲಿ ಅಡಿಕೆಯನ್ನು ಕಿಲೋಗೆ ₹400ರಂತೆ ಕೊಂಡರು. ದಾಸ್ತಾನಿನಲ್ಲಿ ಒಣಗಿ ತೂಕ ಶೇ. 4 ಇಳಿಯಿತು. ಹೆಕ್ಕುವಾಗ ಉಳಿದದ್ದರಲ್ಲಿ ಶೇ. 5 ಹಾಳು ಎಂದು ಎಸೆದರು. ಒಳ್ಳೆಯದನ್ನು ಕಿಲೋಗೆ ₹450ರಂತೆ ಮಾರಿದರು. ಲಾಭವೋ ನಷ್ಟವೋ?

ಕ್ರಯ 400ರಿಂದ 450ಕ್ಕೆ ಏರಿದೆ, ಅಂದರೆ ಶೇ. 12.5. ಸುಮ್ನೆ ಅಷ್ಟೇ ನೋಡಿದರೆ ಒಳ್ಳೆಯ ಲಾಭ. ತೂಕವನ್ನೂ ನೋಡಿ:

100 × 0.96 = 96 ಕಿಲೋ
96 × 0.95 = 91.2 ಕಿಲೋ
91.2 × 450 = ₹41,040

ಕೊಂಡದ್ದು ₹40,000ಕ್ಕೆ. ಲಾಭ ₹1,040, ಬರೀ ಶೇ. 2.6. ಒಂದೇ ಸಾಲಿನಲ್ಲಿ ಬೇಕಾದರೆ 0.96 × 0.95 × 1.125 = 1.026. ಧಾರಣೆಯ ಶೇಕಡಾ, ತೂಕದ ಶೇಕಡಾ ಎರಡೂ ಒಂದೇ ಸರಪಳಿಯಲ್ಲಿ ಸೇರುತ್ತವೆ. ಸಾಗಾಟದ ಬಾಡಿಗೆ, ಹೆಕ್ಕಿದವರ ಕೂಲಿ ಇದರಲ್ಲಿ ಇನ್ನೂ ಸೇರಿಲ್ಲ. ಅಡಿಕೆ ವ್ಯಾಪಾರದವರು ತೂಕದ ಬಗ್ಗೆ ಅಷ್ಟು ಬಿಗಿ ಯಾಕೆ ಎಂದು ಇದರಿಂದ ತಿಳಿಯುತ್ತದೆ.

ಈಗ ನೀವು ಮಾಡಿ

ಪ್ರತಿ ಹೆಜ್ಜೆಯನ್ನೂ ಬರೆಯಿರಿ. ಉತ್ತರ ಮಾತ್ರ ಬರೆದರೆ ಅರ್ಧ ಅಂಕ.

1. ಉಪ್ಪಳದ ಅಂಗಡಿಯಲ್ಲಿ ₹600ರ ಕೊಡೆಗೆ ಶೇ. 15, ಅದರ ಮೇಲೆ ಶೇ. 10 ರಿಯಾಯಿತಿ. ಮಾರಿದ ಕ್ರಯ ಎಷ್ಟು? ಒಂದೇ ರಿಯಾಯಿತಿಯಾಗಿ ಹೇಳಿದರೆ ಶೇಕಡಾ ಎಷ್ಟು? (2 ಅಂಕ)

2. ಒಂದೇ ಮಿಕ್ಸಿ, ಮೂರೂ ಅಂಗಡಿಯಲ್ಲಿ ಚೀಟಿ ₹4,000. ಮೊದಲನೆಯವರು ಶೇ. 25, ಮತ್ತೆ ಶೇ. 10 ಬಿಡುತ್ತಾರೆ. ಎರಡನೆಯವರು ಶೇ. 20, ಮತ್ತೆ ಶೇ. 15. ಮೂರನೆಯವರು ಒಂದೇ ಸಲ ಶೇ. 33. ಎಲ್ಲಿ ಅಗ್ಗ? ಲೆಕ್ಕ ಮಾಡುವ ಮೊದಲು ನಿಮ್ಮ ಊಹೆ ಬರೆದಿಡಿ. ಊಹೆಗೆ ಅಂಕ ಕಡಿತ ಇಲ್ಲ. (3 ಅಂಕ)

3. ವ್ಯಾಪಾರಿಯೊಬ್ಬರು ₹250ಕ್ಕೆ ಕೊಂಡ ಅಂಗಿಗೆ ಶೇ. 40 ಏರಿಸಿ ಚೀಟಿ ಹಾಕಿದರು. ಆಮೇಲೆ ಶೇ. 20, ಅದರ ಮೇಲೆ ಶೇ. 5 ಬಿಟ್ಟು ಮಾರಿದರು. ಲಾಭದ ಶೇಕಡಾ ಎಷ್ಟು? (3 ಅಂಕ)

4. ಕಾಳುಮೆಣಸಿನ ಧಾರಣೆ ಶೇ. 20 ಇಳಿಯಿತು. ಮೊದಲಿನ ಮಟ್ಟಕ್ಕೆ ಬರಲು ಶೇಕಡಾ ಎಷ್ಟು ಏರಬೇಕು? (2 ಅಂಕ)

5. ಎರಡು ಹಳೆ ಸೈಕಲ್‌ಗಳನ್ನು ತಲಾ ₹4,800ಕ್ಕೆ ಮಾರಿದರು. ಒಂದರಲ್ಲಿ ಶೇ. 20 ಲಾಭ, ಇನ್ನೊಂದರಲ್ಲಿ ಶೇ. 20 ನಷ್ಟ. ಒಟ್ಟಿಗೆ ನೋಡಿದರೆ? (3 ಅಂಕ)

6. "4 ಬೈರಾಸು ಕೊಂಡರೆ 1 ಉಚಿತ." ಒಂದರ ಕ್ರಯ ₹120. ಬಿಲ್ಲಿನ ಮೇಲೆ ಇನ್ನೂ ಶೇ. 5 ಬಿಟ್ಟರು. ಒಂದು ಬೈರಾಸಿಗೆ ಬಿದ್ದದ್ದೆಷ್ಟು? ಒಟ್ಟು ರಿಯಾಯಿತಿ ಶೇಕಡಾ ಎಷ್ಟು? (3 ಅಂಕ)

7. ತೆಂಗಿನೆಣ್ಣೆ ಮಿಲ್ಲಿನವರು ಖರ್ಚಿನ ಮೇಲೆ ಶೇ. 10, ಸಗಟು ವ್ಯಾಪಾರಿ ಶೇ. 5, ಅಂಗಡಿಯವರು ಶೇ. 20 ಲಾಭ ಇಟ್ಟುಕೊಂಡರು. ಗಿರಾಕಿ ಕೊಟ್ಟದ್ದು ಲೀಟರಿಗೆ ₹277.20. ಮಿಲ್ಲಿನ ಖರ್ಚು ಎಷ್ಟು? ಇಲ್ಲಿ ಹಿಂದಕ್ಕೆ ಹೋಗಬೇಕು, ಆದ್ದರಿಂದ ಗುಣಿಸುವ ಬದಲು ಭಾಗಿಸಿ. (3 ಅಂಕ)

8. ₹1,000ದ ಸರಕಿಗೆ ಶೇ. 10 ರಿಯಾಯಿತಿ, ಶೇ. 5 ಜಿಎಸ್‌ಟಿ. ರಿಯಾಯಿತಿ ಮೊದಲು ಕಳೆದರೆ ಗಿರಾಕಿ ಕೊಡುವುದೆಷ್ಟು? ತೆರಿಗೆ ಮೊದಲು ಸೇರಿಸಿದರೆ? ಎರಡು ರೀತಿಯಲ್ಲೂ ತೆರಿಗೆಯ ಮೊತ್ತವನ್ನು ಬೇರೆಯಾಗಿ ಬರೆಯಿರಿ. (3 ಅಂಕ)

9. ಮಾದರಿ 3ರ ವ್ಯಾಪಾರಿ ಹಾಳು ಅಡಿಕೆಯನ್ನು ಎಸೆಯದೆ ಕಿಲೋಗೆ ₹150ರಂತೆ ಮಾರಿದ್ದರೆ ಲಾಭದ ಶೇಕಡಾ ಎಷ್ಟಾಗುತ್ತಿತ್ತು? (3 ಅಂಕ)

ಉತ್ತರಗಳು (ಮಾಡಿದ ಮೇಲೆ ನೋಡಿ)

1. ₹459, ಶೇ. 23.5.

2. ₹2,700, ₹2,720, ₹2,680. ಮೂರನೆಯ ಅಂಗಡಿ. ಮೊದಲೆರಡು ಕಡೆ ಕೂಡಿಸಿದರೆ 35 ಬರುತ್ತದೆ, ಅದನ್ನು ನಂಬಿದವರು ಮೋಸ ಹೋಗುತ್ತಾರೆ.

3. 350, 280, 266. ಲಾಭ ₹16, ಶೇ. 6.4.

4. ಶೇ. 25. ನೂರು ಎಂಬತ್ತಾಯಿತು. 80ರ ಮೇಲೆ 20 ಏರಬೇಕು, 100ರ ಮೇಲಲ್ಲ.

5. ಕೊಂಡ ಕ್ರಯ 4,000 ಮತ್ತು 6,000. ಒಟ್ಟು ₹10,000 ಹಾಕಿ ₹9,600 ಬಂತು. ಶೇ. 4 ನಷ್ಟ. ಶೇಕಡಾ ಒಂದೇ ಆದರೂ ನಷ್ಟವಾದ ಸೈಕಲಿಗೆ ಹಾಕಿದ ಹಣ ಜಾಸ್ತಿ.

6. 480 × 0.95 = 456. ಒಂದಕ್ಕೆ ₹91.20. ಐದರ ಚೀಟಿ ಕ್ರಯ ₹600, ಆದ್ದರಿಂದ ಶೇ. 24. ಉಚಿತ ಕೊಟ್ಟದ್ದು ನಾಲ್ಕರಲ್ಲಿ ಒಂದಲ್ಲ, ಐದರಲ್ಲಿ ಒಂದು. ಶೇ. 25 ಎಂದು ಹಿಡಿದವರು ಮತ್ತೊಮ್ಮೆ ಮಾಡಿ.

7. 277.20 ÷ 1.20 = 231; 231 ÷ 1.05 = 220; 220 ÷ 1.10 = ₹200. ಮೂರು ಲಾಭ ಕೂಡಿಸಿ ಶೇ. 35 ಎಂದು ಹಿಡಿದರೆ ಉತ್ತರ ತಪ್ಪುತ್ತದೆ, ನಿಜವಾದ ಏರಿಕೆ ಶೇ. 38.6.

8. ಎರಡು ರೀತಿಯಲ್ಲೂ ₹945. ತೆರಿಗೆ ಮಾತ್ರ ಮೊದಲನೆಯದರಲ್ಲಿ ₹45, ಎರಡನೆಯದರಲ್ಲಿ ₹50. ಬಿಲ್ಲಿನಲ್ಲೇ ಕಾಣಿಸಿದ ರಿಯಾಯಿತಿಯನ್ನು ಕಳೆದು ಉಳಿದದ್ದಕ್ಕೆ ಜಿಎಸ್‌ಟಿ ಹಾಕುವುದು ನಿಯಮ. ಆದ್ದರಿಂದ ನಿಜವಾದ ಬಿಲ್ಲಿನಲ್ಲಿ ಮೊದಲನೆಯದೇ ಸರಿ.

9. ಹಾಳು ಅಡಿಕೆ 4.8 ಕಿಲೋ, ಅದಕ್ಕೆ ₹720. ಒಟ್ಟು ₹41,760. ಲಾಭ ಶೇ. 4.4.