ಸಾಂದ್ರತೆ: ಕಲಿತದ್ದನ್ನು ಹೊಸ ಕಡೆ ಬಳಸಿ ನೋಡಿ

ಕಬ್ಬಿಣದ ಮೊಳೆ ಮುಳುಗಿದ್ದನ್ನೂ ಮರದ ತುಂಡು ತೇಲಿದ್ದನ್ನೂ ತರಗತಿಯಲ್ಲಿ ನೋಡಿದ್ದೀರಿ. ಇಲ್ಲಿ ಮೊಳೆಯೂ ಇಲ್ಲ, ಮರವೂ ಇಲ್ಲ. ಸೂತ್ರ ಬರೆದು ಸುಮ್ನೆ ಬಿಟ್ಟರೆ ಅಂಕ ಸಿಗುವುದಿಲ್ಲ, ಕಾರಣ ಬೇಕು.

1. ಸರಕು ಹಡಗೊಂದು ಸಮುದ್ರದಿಂದ ನದಿಯೊಳಗೆ ಬರುತ್ತದೆ. ಸರಕೂ ಸೇರಿ ಅದರ ತೂಕ 10,250 ಟನ್. ಒಂದು ಘನ ಮೀಟರ್ ಸಮುದ್ರದ ನೀರು 1.025 ಟನ್ ತೂಗುತ್ತದೆ, ನದಿ ನೀರು 1 ಟನ್. ಒಂದು ಮೂಟೆಯನ್ನೂ ಹತ್ತಿಸಿಲ್ಲ, ಇಳಿಸಿಲ್ಲ. ಆದರೂ ಹಡಗಿನ ಮೈಮೇಲೆ ಬಳಿದಿದ್ದ ಗೆರೆ ನೀರಿನೊಳಗೆ ಹೋಯಿತು.

ಅ) ಯಾಕೆ?
ಆ) ಸಮುದ್ರದಲ್ಲಿ ಎಷ್ಟು, ನದಿಯಲ್ಲಿ ಎಷ್ಟು ಘನ ಮೀಟರ್ ನೀರನ್ನು ಹಡಗು ಪಕ್ಕಕ್ಕೆ ತಳ್ಳುತ್ತದೆ?
ಇ) "ಹಡಗಿನ ಭಾರ ಜಾಸ್ತಿಯಾಯಿತು" ಎನ್ನುತ್ತಾನೆ ಒಬ್ಬ ನಾವಿಕ. ಎರಡೇ ವಾಕ್ಯದಲ್ಲಿ ಅವನನ್ನು ತಿದ್ದಿ.

2. ಒಂದೇ ಅಳತೆಯ ಎರಡು ಮುಚ್ಚಿದ ಪಾನೀಯದ ಡಬ್ಬಿಗಳು. ಒಂದರಲ್ಲಿ ಸಕ್ಕರೆ ಇದೆ, ಇನ್ನೊಂದರಲ್ಲಿ ಇಲ್ಲ. ನೀರಿಗೆ ಹಾಕಿದಾಗ ಒಂದು ಮುಳುಗಿತು, ಇನ್ನೊಂದು ತೇಲಿತು. ಮುಳುಗಿದ್ದು ಯಾವುದು? ನೀರಿಗೆ ಉಪ್ಪು ಕರಗಿಸುತ್ತಾ ಹೋದರೆ ಅದಕ್ಕೆ ಏನಾಗಬಹುದು?

3. ಬಿಸಿಗಾಳಿ ಬಲೂನಿನ ಬಾಯಿ ಕೆಳಗೆ ತೆರೆದೇ ಇರುತ್ತದೆ. ಆದರೂ ಮೇಲೇರುತ್ತದೆ. ಇಲ್ಲಿ ನೀರೇ ಇಲ್ಲ ಅಲ್ವಾ? ಹಾಗಾದರೆ ನೀರಿನ ಕೆಲಸ ಮಾಡುತ್ತಿರುವುದು ಯಾವುದು?